ಟೋಕನ್ ಎಲ್ಲಿ ತಡವಾಗುತ್ತಿದೆ? ಎಂಎಸ್/ಟಿಪಿ ಲೈನ್ ನಿಧಾನವಾದಾಗ ದೋಷ ಹುಡುಕುವ ಕೈಪಿಡಿ

ದೊಡ್ಡ ಕಟ್ಟಡದ ಎ.ಸಿ. ನೋಡಿಕೊಳ್ಳುವ ಬಿಎಂಎಸ್ ಪರದೆಯಲ್ಲಿ ಸೆಟ್‌ಪಾಯಿಂಟ್ ಬದಲಿಸುತ್ತೀರಿ. ಕಂಟ್ರೋಲರಿಗೆ ಅದು ಮುಟ್ಟಲು ಎಂಟು ಹತ್ತು ಸೆಕೆಂಡ್ ಹಿಡಿಯುತ್ತದೆ. "ಲೈನ್ ಮೇಲೆ ಲೋಡ್ ಜಾಸ್ತಿಯಾಗಿದೆ" ಎಂದು ಯಾರೋ ಹೇಳುತ್ತಾರೆ, ಲೈನಿನಲ್ಲಿ ಬಿಟ್‌ಗಳು ಓಡುವ ವೇಗವಾದ ಬಾಡ್ ರೇಟ್ ಏರಿಸುತ್ತಾರೆ, ಫಲ ಅಷ್ಟಕ್ಕಷ್ಟೇ. ಈ ಕಂಟ್ರೋಲರುಗಳು ಸಾಮಾನ್ಯವಾಗಿ ಮಾತಾಡುವುದು ಬ್ಯಾಕ್‌ನೆಟ್ ಎಂಎಸ್/ಟಿಪಿ ಎಂಬ ಪದ್ಧತಿಯಲ್ಲಿ. ಆರ್‌ಎಸ್-485ರ ಒಂದು ಜೋಡಿ ತಂತಿಯ ಮೇಲೆ ಟೋಕನ್ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಟೋಕನ್ ಕೈಯಲ್ಲಿದ್ದವರು ಮಾತ್ರ ಮಾತು ಶುರು ಮಾಡಬಹುದು. ಇಂಥ ಲೈನಿನಲ್ಲಿ ಕಾಯುವ ಸಮಯ ಅದೃಷ್ಟದ ಮಾತಲ್ಲ, ಒಂದು ಕೂಡುವ ಲೆಕ್ಕ. ಲೆಕ್ಕದ ಯಾವ ಅಂಕಿ ಬೆಳೆದಿದೆ ಎಂದು ಲಕ್ಷಣ ನೋಡಿ ಹೇಳಬಹುದು. ಈ ಕೈಪಿಡಿ ಮಾಡುವ ಕೆಲಸ ಅಷ್ಟೇ.

## ಮೊದಲು ಒಂದು ಕಾಗದದ ಮೇಲೆ: ನಿಮ್ಮ ಲೈನಿನ ಮಿತಿ ಎಷ್ಟು?

ಯಾವ ಉಪಕರಣವನ್ನೂ ಮುಟ್ಟುವ ಮೊದಲು ಈ ಲೆಕ್ಕ ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ.

ಉದಾಹರಣೆಗೆ 38400 ಬಾಡ್‌ನ ಒಂದು ಲೈನ್ ತೆಗೆದುಕೊಳ್ಳಿ. ಅಡ್ರೆಸ್ 0ರಲ್ಲಿ ಬಿಎಂಎಸ್ ಸರ್ವರನ್ನು ಈ ಲೈನಿಗೆ ಜೋಡಿಸುವ ರೂಟರ್, 1ರಿಂದ 19ರವರೆಗೆ ಕಂಟ್ರೋಲರುಗಳು. ಟೋಕನ್ ಪಡೆಯುವ ಸಾಧನಕ್ಕೆ ಮಾಸ್ಟರ್ ಎನ್ನುತ್ತಾರೆ, ಇಲ್ಲಿ ಒಟ್ಟು 20 ಮಾಸ್ಟರುಗಳು. ಲೈನಿನ ಮೇಲೆ ಹೋಗುವ ಒಂದೊಂದು ಸಂದೇಶವೂ ಒಂದು ಫ್ರೇಮ್, ಟೋಕನ್ ಫ್ರೇಮ್ 8 ಬೈಟ್. ಪ್ರತಿ ಬೈಟಿಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್, ಅಂದರೆ 80 ಬಿಟ್, ಸುಮಾರು 2.1 ಮಿಲಿಸೆಕೆಂಡ್. ಟೋಕನ್ ಸಿಕ್ಕವರು ಅದನ್ನು ಬಳಸಲು ಶುರು ಮಾಡುವ ಮೊದಲು ಹೆಚ್ಚೆಂದರೆ 15 ಮಿಲಿಸೆಕೆಂಡ್ ಸುಮ್ಮನಿರಬಹುದು ಎಂದು ನಿಯಮ ಹೇಳುತ್ತದೆ. ಒಳ್ಳೆಯ ಕಂಟ್ರೋಲರುಗಳು ಎರಡು ಮೂರು ಮಿಲಿಸೆಕೆಂಡಿನಲ್ಲೇ ಮುಂದಕ್ಕೆ ಕೊಡುತ್ತವೆ. ಹಾಗಾಗಿ ಯಾರಿಗೂ ಏನೂ ಹೇಳಲಿಕ್ಕಿಲ್ಲದಿದ್ದರೆ ಒಂದು ಸುತ್ತು ಸುಮಾರು 100 ಮಿಲಿಸೆಕೆಂಡ್, ಎಲ್ಲರೂ ನಿಯಮದ ಅಂಚಿನಲ್ಲಿ ಸೋಮಾರಿಗಳಾದರೆ 340.

ಇನ್ನು ಮಾತು. ರೂಟರ್ ಒಂದು ಬೆಲೆ ಕೇಳುವ ಫ್ರೇಮ್ ಸುಮಾರು 35 ಬೈಟ್ ಎಂದುಕೊಂಡರೆ 9 ಮಿಲಿಸೆಕೆಂಡ್. ಕಂಟ್ರೋಲರ್ ಯೋಚಿಸಲು ಹದಿನೈದು ಇಪ್ಪತ್ತು, ಉತ್ತರಕ್ಕೆ ಮತ್ತೆ 9. ಬದುಕಿರುವ ಸಾಧನಕ್ಕೆ ಕೇಳಿದ ಒಂದು ಪ್ರಶ್ನೆಗೆ ಸರಾಸರಿ 35 ಮಿಲಿಸೆಕೆಂಡ್ ಹಿಡಿಯಿರಿ. ಉತ್ತರ ಬಾರದೇ ಹೋದರೆ? ಕೇಳಿದವರು ಕನಿಷ್ಠ 255 ಮಿಲಿಸೆಕೆಂಡ್ ಟೋಕನ್ ಹಿಡಿದುಕೊಂಡೇ ಕಾಯಬೇಕು. ಆಗ ಆ ಒಂದು ಪ್ರಶ್ನೆಯ ಬೆಲೆ 264.

ಒಂದು ಸರದಿಯಲ್ಲಿ ಎಷ್ಟು ಫ್ರೇಮ್ ಕಳುಹಿಸಬಹುದು ಎನ್ನುವುದನ್ನು ಪ್ರತಿ ಸಾಧನದ `Max_Info_Frames` ಗೊತ್ತು ಮಾಡುತ್ತದೆ. ಕಂಟ್ರೋಲರುಗಳಲ್ಲಿ ಅದು 1, ರೂಟರಿನಲ್ಲಿ 20 ಎಂದಿಟ್ಟುಕೊಳ್ಳಿ. ಎಲ್ಲರೂ ಸತ್ತವರನ್ನೇ ಮಾತಾಡಿಸಿದರು ಎಂಬ ಅತಿ ಕೆಟ್ಟ ಸುತ್ತು ಹೀಗಾಗುತ್ತದೆ:

```
ಟೋಕನ್ ದಾಟಿಸುವುದು   20 x (2.1 + 15)     =   342 ms
ಕಂಟ್ರೋಲರುಗಳು        19 x 1 x 264         =  5016 ms
ರೂಟರ್                1 x 20 x 264         =  5280 ms
ಒಟ್ಟು                                     = 10638 ms
```

ಅಂದರೆ 10.6 ಸೆಕೆಂಡ್. ಆರೋಗ್ಯವಾಗಿರುವ ದಿನ, ರೂಟರ್ ಪ್ರತಿ ಸರದಿಯಲ್ಲಿ ಹತ್ತು ಪ್ರಶ್ನೆ ಕೇಳುತ್ತಿದ್ದರೆ, ಇದೇ ಸುತ್ತು ಅರ್ಧ ಸೆಕೆಂಡಿಗಿಂತ ಕಡಿಮೆ. ಎರಡರ ನಡುವೆ ಇಷ್ಟು ಅಂತರ ಇದ್ದರೂ ಮೇಲಿನ ಅಂಕಿ ಗಟ್ಟಿ. ಟೋಕನ್ ಕಳೆದುಹೋಗದಿದ್ದರೆ ಯಾವ ಕಂಟ್ರೋಲರೂ ತನ್ನ ಸರದಿಗೆ ಅದಕ್ಕಿಂತ ಹೆಚ್ಚು ಕಾಯುವುದಿಲ್ಲ.

ಪೈಪೋಟಿಯಲ್ಲಿ ಹಂಚಿಕೊಳ್ಳುವ ಲೈನಿಗೆ ಇಂಥ ಅಂಕಿಯೇ ಇಲ್ಲ. ಹಳೆಯ 10 ಎಂಬಿಪಿಎಸ್ ಹಾಫ್ ಡುಪ್ಲೆಕ್ಸ್ ಈಥರ್ನೆಟ್ ನೋಡಿ. ಲೈನ್ ಖಾಲಿ ಕಂಡರೆ ಯಾರು ಬೇಕಾದರೂ ಶುರು ಮಾಡಬಹುದು. ಡಿಕ್ಕಿಯಾದರೆ 51.2 ಮೈಕ್ರೋಸೆಕೆಂಡಿನ ತುಂಡುಗಳಲ್ಲಿ ಯಾದೃಚ್ಛಿಕವಾಗಿ ಹಿಂದೆ ಸರಿಯಬೇಕು: ಮೊದಲ ಸಲ 0 ಅಥವಾ 1 ತುಂಡು, ಎರಡನೇ ಸಲ 0ರಿಂದ 3, ಹೀಗೆ ಹತ್ತನೇ ಸಲಕ್ಕೆ 0ರಿಂದ 1023. ಹದಿನಾರನೇ ಡಿಕ್ಕಿಗೆ ಫ್ರೇಮನ್ನೇ ಎಸೆದುಬಿಡುತ್ತದೆ. ಪ್ರತಿ ಸಲ ಅತಿ ದೊಡ್ಡ ಅಂಕಿಯೇ ಬಂದರೆ ಹಿಂದೆ ಸರಿದು ಕಳೆದ ಸಮಯವೇ 366 ಮಿಲಿಸೆಕೆಂಡ್, ಮತ್ತು ಕೊನೆಗೆ ಫ್ರೇಮ್ ಕೈಗೆ ಸಿಗುವುದಿಲ್ಲ. ಬೇರೆಯವರು ಮಾತು ಮುಗಿಸಲಿ ಎಂದು ಕಾದದ್ದು ಇದರಲ್ಲಿ ಸೇರಿಲ್ಲ, ಅದಕ್ಕೆ ಮಿತಿಯೂ ಇಲ್ಲ. ಲೋಡ್ ಕಡಿಮೆ ಇದ್ದಾಗ ಮಾತ್ರ ಪೈಪೋಟಿಯೇ ಮೇಲು. ಖಾಲಿ ಲೈನಿನಲ್ಲಿ ಅದು ತಕ್ಷಣ ಮಾತಾಡುತ್ತದೆ, ಟೋಕನ್ ಲೈನಿನಲ್ಲಿ ಯಾರೂ ಇಲ್ಲದಿದ್ದರೂ ಸರಾಸರಿ ಅರ್ಧ ಸುತ್ತು ಕಾಯಲೇಬೇಕು. ಈಗಿನ ಫುಲ್ ಡುಪ್ಲೆಕ್ಸ್ ಸ್ವಿಚ್‌ಗಳಲ್ಲಿ ಡಿಕ್ಕಿಯ ಮಾತೇ ಇಲ್ಲ. ವೈಫೈಯಲ್ಲಿ ಪೈಪೋಟಿ ಇನ್ನೂ ಇದೆ.

ದೋಷ ಹುಡುಕುವವರಿಗೆ ಈ ವ್ಯತ್ಯಾಸದಿಂದ ದೊಡ್ಡ ಅನುಕೂಲ. ಪೈಪೋಟಿಯ ಲೈನಿನಲ್ಲಿ ಎಂದೋ ಒಮ್ಮೆ ತಡವಾದರೆ ಅದು ದೋಷವೋ ದುರದೃಷ್ಟವೋ ಹೇಳಲಾಗದು. ಟೋಕನ್ ಲೈನಿನಲ್ಲಿ ನೀವು ಲೆಕ್ಕ ಹಾಕಿದ ಮಿತಿಗಿಂತ ಹೆಚ್ಚು ತಡವಾಯಿತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ: ಟೋಕನ್ ಕಳೆದಿದೆ, ಇಲ್ಲವೇ ನೀವು ಲೆಕ್ಕಕ್ಕೆ ಹಿಡಿಯದ ಸಾಧನ ಲೈನಿನಲ್ಲಿದೆ.

## ಕೈ ಹಾಕುವ ಮೊದಲು

ಕಂಟ್ರೋಲರ್ ಇರುವ ಪ್ಯಾನೆಲ್‌ನಲ್ಲೇ 230 ವೋಲ್ಟ್ ಇರುತ್ತದೆ. ಮುಚ್ಚಳ ತೆಗೆಯುವ ಮೊದಲು ಎಂಸಿಬಿ ಇಳಿಸಿ, ಟೆಸ್ಟರಿನಿಂದ ಖಾತ್ರಿ ಮಾಡಿಕೊಳ್ಳಿ. ಫ್ಯಾನ್ ಓಡಿಸುವ ವಿಎಫ್‌ಡಿ ಇದ್ದರೆ ಪವರ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ, ಅದರ ಮೇಲೆ ಬರೆದಿರುವಷ್ಟು ನಿಮಿಷ ಕಾದು ಆಮೇಲೆ ಮುಟ್ಟಿ. ಪಕ್ಕದಲ್ಲೇ ಇರುವ 24 ವೋಲ್ಟ್ ಎಸಿ ತಂತಿ ತಪ್ಪಿ ಆರ್‌ಎಸ್-485 ಟರ್ಮಿನಲ್ಲಿಗೆ ತಾಗಿದರೆ ಆ ಒಂದು ಕಂಟ್ರೋಲರ್ ಮಾತ್ರವಲ್ಲ, ಲೈನಿನ ಹಲವು ಚಿಪ್‌ಗಳು ಒಟ್ಟಿಗೆ ಹೋಗಬಹುದು.

ಲೈನ್ ಬಿಡಿಸುವುದೆಂದರೆ ಅದರ ಆಚೆಗಿನ ಕಂಟ್ರೋಲರುಗಳನ್ನು ಅವುಗಳ ಪಾಡಿಗೆ ಬಿಡುವುದು. ಹೊಗೆ ಹೊರಹಾಕುವ ಫ್ಯಾನ್, ಆಪರೇಷನ್ ಥಿಯೇಟರಿನ ಗಾಳಿಯ ಒತ್ತಡ, ಸರ್ವರ್ ಕೋಣೆಯ ತಂಪು ಇಂಥವು ಆ ಲೈನಿನಲ್ಲಿದ್ದರೆ ಕಟ್ಟಡದ ಜವಾಬ್ದಾರಿ ಹೊತ್ತವರ ಲಿಖಿತ ಒಪ್ಪಿಗೆಯಿಲ್ಲದೆ ಬಿಡಿಸಬೇಡಿ.

## ಲಕ್ಷಣ 1: ಎಲ್ಲವೂ ಆನ್‌ಲೈನ್ ಇದೆ, ಆದರೆ ಎಲ್ಲವೂ ಒಂದೇ ಸಮ ನಿಧಾನ

ಬಂದು ಹೋಗುವ ತೊಂದರೆಯಲ್ಲ, ಬೆಳಗ್ಗೆಯೂ ನಿಧಾನ, ರಾತ್ರಿಯೂ ನಿಧಾನ. ಟೋಕನ್ ಸರಿಯಾಗಿ ಸುತ್ತುತ್ತಿದೆ, ಸುತ್ತು ಉದ್ದವಾಗಿದೆ ಅಷ್ಟೇ.

ಸತ್ತ ಸಾಧನಗಳ ಪಟ್ಟಿ ನೋಡಿ. ಇದು ಅತಿ ಅಗ್ಗದ ಪರೀಕ್ಷೆ, ಮತ್ತು ಉತ್ತರ ಇಲ್ಲೇ ಸಿಗುವುದು ಹೆಚ್ಚು. ಬಿಎಂಎಸ್ ಪರದೆಯಲ್ಲಿ ಆಫ್‌ಲೈನ್ ಎಂದು ಬೂದು ಬಣ್ಣದಲ್ಲಿ ಕೂತಿರುವ ಸಾಧನಗಳು ಯಾವುವು? ಬಾಡಿಗೆದಾರರು ಖಾಲಿ ಮಾಡಿದ ಮಹಡಿಯಲ್ಲಿ ಕಂಟ್ರೋಲರ್ ಕಿತ್ತಿರುತ್ತಾರೆ, ಪರದೆಯಿಂದ ಮಾತ್ರ ಯಾರೂ ಅಳಿಸಿರುವುದಿಲ್ಲ. ಟೋಕನ್ ಆ ಅಡ್ರೆಸ್ಸಿಗೆ ಹೋಗುವುದಿಲ್ಲ, ಯಾಕೆಂದರೆ ನೆರೆಯವರು ಅದನ್ನು ಸಾಲಿನಿಂದ ಕೈಬಿಟ್ಟಿರುತ್ತಾರೆ. ಆದರೆ ಸರ್ವರ್ ಅದನ್ನು ಕೇಳುತ್ತಲೇ ಇರುತ್ತದೆ, ರೂಟರ್ ಪ್ರತಿ ಪ್ರಶ್ನೆಗೂ 255 ಮಿಲಿಸೆಕೆಂಡ್ ಟೋಕನ್ ಹಿಡಿದು ಕಾಯುತ್ತದೆ. ಸತ್ತವರಿಗೆ ಕೇಳಿದ ಒಂದು ಪ್ರಶ್ನೆ ಬದುಕಿರುವವರಿಗೆ ಕೇಳಬಹುದಾಗಿದ್ದ ಏಳು ಪ್ರಶ್ನೆಗಳನ್ನು ನುಂಗುತ್ತದೆ. ಸರ್ವರಿನಲ್ಲಿ ಮೂರು ಮರುಪ್ರಯತ್ನ ಎಂದು ಇಟ್ಟಿದ್ದರೆ ನಾಲ್ಕು ಸಲ ನುಂಗುತ್ತದೆ.

ಸರ್ವರಿನಲ್ಲಿ ಆ ಸಾಧನಗಳನ್ನು ಡಿಸೇಬಲ್ ಮಾಡಿ ಐದು ನಿಮಿಷ ನೋಡಿ. ವೇಗ ತಕ್ಷಣ ಮರಳಿದರೆ ದೋಷ ಸಿಕ್ಕಿತು, ಪ್ಯಾನೆಲ್ ತೆರೆಯುವ ಅಗತ್ಯವೇ ಇಲ್ಲ.

ರೂಟರಿನ `Max_Info_Frames` ನೋಡಿ. ಇದನ್ನು ದೊಡ್ಡದು ಮಾಡಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಇದೆ. ಅರ್ಧ ನಿಜ. ನಮ್ಮ 20 ಮಾಸ್ಟರುಗಳ ಲೈನಿನಲ್ಲಿ, ಎಲ್ಲ ಪ್ರಶ್ನೆಗೂ ಉತ್ತರ ಬರುತ್ತಿದೆ, ರೂಟರಿನ ಬಳಿ ಯಾವಾಗಲೂ ಕೆಲಸ ಬಾಕಿ ಇದೆ ಎಂದುಕೊಂಡು ಲೆಕ್ಕ ಮಾಡಿ:

```
Max_Info_Frames   ಒಂದು ಸುತ್ತು           ಸೆಕೆಂಡಿಗೆ ಪ್ರಶ್ನೆಗಳು
 1                100 +  35 = 135 ms       7
 5                100 + 175 = 275 ms      18
20                100 + 700 = 800 ms      25
```

1ರಿಂದ 5ಕ್ಕೆ ಹೋದಾಗ ಕೆಲಸ ಎರಡೂವರೆ ಪಟ್ಟು ಹೆಚ್ಚಿತು. 5ರಿಂದ 20ಕ್ಕೆ ಹೋದಾಗ ಸಿಕ್ಕಿದ್ದು ಸೆಕೆಂಡಿಗೆ ಏಳು ಪ್ರಶ್ನೆ, ಅದಕ್ಕೆ ಪ್ರತಿಯಾಗಿ ಎಲ್ಲ ಕಂಟ್ರೋಲರುಗಳೂ ಸರದಿಗೆ ಮೂರು ಪಟ್ಟು ಕಾಯಬೇಕಾಯಿತು. ಕಂಟ್ರೋಲರ್ ತಾನಾಗಿ ಅಲಾರಂ ಕಳುಹಿಸುವ ವ್ಯವಸ್ಥೆಯಾದರೆ, ಅಥವಾ ಕಂಟ್ರೋಲರುಗಳು ತಮ್ಮತಮ್ಮಲ್ಲೇ ಬೆಲೆ ಹಂಚಿಕೊಳ್ಳುತ್ತಿದ್ದರೆ, 5ರಿಂದ 10ರ ಒಳಗೆ ಇಡುವುದು ಜಾಣತನ. ಸುಮ್ಮನೆ ಸರ್ವರೇ ಎಲ್ಲವನ್ನೂ ಕೇಳಿ ತಿಳಿಯುವ ಲೈನಾದರೆ 20 ಇರಲಿ. ಕಂಟ್ರೋಲರುಗಳಲ್ಲಿ ಮಾತ್ರ 1ರ ಮೇಲೆ ಹೋಗಲು ಬಲವಾದ ಕಾರಣ ಬೇಕು.

ಇಲ್ಲಿ ಎಂಎಸ್/ಟಿಪಿಯ ಒಂದು ದೌರ್ಬಲ್ಯ ಕಾಣುತ್ತದೆ. ಎಫ್‌ಡಿಡಿಐ, ಪ್ರೊಫಿಬಸ್‌ನಂಥ ಟೋಕನ್ ಪದ್ಧತಿಗಳಲ್ಲಿ ಸುತ್ತಿಗೆ ಒಂದು ಗುರಿ ಸಮಯ ಇರುತ್ತದೆ. ಟೋಕನ್ ತಡವಾಗಿ ಬಂದರೆ ಅವಸರವಿಲ್ಲದ ಮಾತನ್ನು ಬದಿಗಿಟ್ಟು ಮುಂದಕ್ಕೆ ದಾಟಿಸುತ್ತಾರೆ. ಎಂಎಸ್/ಟಿಪಿ ಗಡಿಯಾರ ನೋಡುವುದಿಲ್ಲ, ಫ್ರೇಮುಗಳನ್ನು ಎಣಿಸುತ್ತದೆ ಅಷ್ಟೇ. ಒಂದು ಫ್ರೇಮ್ 9 ಮಿಲಿಸೆಕೆಂಡಿನದೋ 264ರದೋ ಎಂಬುದು ಅದಕ್ಕೆ ಒಂದೇ. ಮಿತಿ ಇದೆ, ಆದರೆ ಸಡಿಲ.

ಬಾಡ್ ರೇಟ್ ಕೊನೆಗೆ ನೋಡಿ. 38400ರಿಂದ 76800ಕ್ಕೆ ಏರಿಸಿದರೆ ತಂತಿಯ ಮೇಲೆ ಬಿಟ್‌ಗಳು ಓಡುವ ಸಮಯ ಮಾತ್ರ ಅರ್ಧವಾಗುತ್ತದೆ. ಕಂಟ್ರೋಲರ್ ಯೋಚಿಸುವ ಸಮಯ, ಟೋಕನ್ ಬಳಸುವ ಮುಂಚಿನ ತಡ, ಸತ್ತವರಿಗಾಗಿ ಕಾಯುವ 255 ಹಾಗೇ ಇರುತ್ತವೆ. ನಮ್ಮ ಉದಾಹರಣೆಯಲ್ಲಿ ಖಾಲಿ ಸುತ್ತು 100ರಿಂದ 80ಕ್ಕೆ, ಒಂದು ಪ್ರಶ್ನೆ 35ರಿಂದ 26ಕ್ಕೆ ಇಳಿಯುತ್ತದೆ. ಇದಕ್ಕಾಗಿ ಎಲ್ಲ ಕಂಟ್ರೋಲರುಗಳ ಸ್ವಿಚ್ ಬದಲಿಸುತ್ತಾ ಏಣಿ ಹತ್ತಿ ಇಳಿಯುವ ಮೊದಲು ಮೇಲಿನ ಎರಡನ್ನು ಸರಿ ಮಾಡಿ. ಲೈನ್ 9600ರಲ್ಲಿದ್ದರೆ ಮಾತು ಬೇರೆ. ಅಲ್ಲಿ ಟೋಕನ್ ಒಂದಕ್ಕೇ 8.3 ಮಿಲಿಸೆಕೆಂಡ್, ಏರಿಸುವುದು ಸಾರ್ಥಕ.

## ಲಕ್ಷಣ 2: ಚೆನ್ನಾಗಿ ಓಡುತ್ತದೆ, ನಡುವೆ ಅರ್ಧ ಮುಕ್ಕಾಲು ಸೆಕೆಂಡ್ ಸ್ತಬ್ಧ

ಲೈನಿನ ಎಲ್ಲ ಕಂಟ್ರೋಲರುಗಳ ಎಲ್‌ಇಡಿಗಳು ಒಟ್ಟಿಗೆ ಮಿನುಗುವುದು ನಿಂತು, ಮತ್ತೆ ಒಟ್ಟಿಗೆ ಶುರುವಾಗುತ್ತವೆ. ಪ್ಯಾನೆಲ್ ಬಾಗಿಲು ತೆರೆದು ಒಂದೆರಡು ನಿಮಿಷ ಎಲ್‌ಇಡಿ ನೋಡಿದರೂ ಗೊತ್ತಾಗುತ್ತದೆ. ಟೋಕನ್ ಕಳೆದುಹೋಗಿದೆ ಎಂಬುದರ ಗುರುತು ಇದು.

ಯಾಕೆ ಅರ್ಧ ಸೆಕೆಂಡ್? ಲೈನ್ 500 ಮಿಲಿಸೆಕೆಂಡ್ ನಿಶ್ಶಬ್ದವಾಗಿದ್ದರೆ ಟೋಕನ್ ಕಳೆದಿದೆ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಎಲ್ಲರೂ ಒಟ್ಟಿಗೆ ಹೊಸ ಟೋಕನ್ ಹುಟ್ಟಿಸಿದರೆ ಡಿಕ್ಕಿಯಾಗುತ್ತದಲ್ಲ, ಅದಕ್ಕೆ ಪ್ರತಿಯೊಬ್ಬರೂ ತಮ್ಮ ಅಡ್ರೆಸ್ಸಿನಷ್ಟು 10 ಮಿಲಿಸೆಕೆಂಡ್‌ಗಳನ್ನು ಹೆಚ್ಚಿಗೆ ಕಾಯುತ್ತಾರೆ. ಅಡ್ರೆಸ್ 0ರವರು 500ಕ್ಕೆ, 5ರವರು 550ಕ್ಕೆ. ಅತಿ ಚಿಕ್ಕ ಅಡ್ರೆಸ್ಸಿನವರು ಮೊದಲು ಬಾಯಿ ತೆರೆಯುತ್ತಾರೆ, ಮುಂದಿನವರು ಯಾರೆಂದು ಹೊಸದಾಗಿ ಹುಡುಕಲು ಶುರು ಮಾಡುತ್ತಾರೆ. ರೂಟರ್ 0ರಲ್ಲಿದ್ದು ಮೊದಲ ಕಂಟ್ರೋಲರ್ 20ರಲ್ಲಿದ್ದರೆ, ನಡುವಿನ 19 ಖಾಲಿ ಅಡ್ರೆಸ್ಸುಗಳನ್ನು ಒಂದೊಂದಾಗಿ ಕೂಗಿ, ಪ್ರತಿಯೊಂದಕ್ಕೂ ಸುಮಾರು 22 ಮಿಲಿಸೆಕೆಂಡ್ ಕಳೆದು, ಇನ್ನೊಂದು 420 ಮಿಲಿಸೆಕೆಂಡ್ ಹೋಗುತ್ತದೆ. ಸ್ತಬ್ಧತೆ ಅರ್ಧ ಸೆಕೆಂಡಿಗೆ ಹತ್ತಿರವೋ ಒಂದು ಸೆಕೆಂಡಿಗೆ ಹತ್ತಿರವೋ ಎಂಬುದರಿಂದ ನಿಮ್ಮ ಅಡ್ರೆಸ್ ಹಂಚಿಕೆಯೂ ಗೊತ್ತಾಗುತ್ತದೆ.

ಟೋಕನ್ ಕಳೆಯಲು ಮುಖ್ಯ ಕಾರಣ ಎರಡು. ಮೊದಲನೆಯದು ಒಂದೇ ಅಡ್ರೆಸ್ ಇಬ್ಬರಿಗೆ. ಇಬ್ಬರೂ ಟೋಕನ್ ನನಗೇ ಬಂತೆಂದು ಒಟ್ಟಿಗೆ ಮಾತಾಡುತ್ತಾರೆ, ತಂತಿಯ ಮೇಲೆ ಕಸ. ಇಂಥ ಲೈನ್ ಪೂರ್ತಿ ಸಾಯುವುದಿಲ್ಲ, ಕುಂಟುತ್ತದೆ. ಪರದೆಯಲ್ಲಿ ಒಂದೇ ಸಾಧನದ ಬೆಲೆ ಎರಡು ಕೋಣೆಗಳ ನಡುವೆ ಹಾರುವಂತೆ ಕಂಡರೆ ಅನುಮಾನವೇ ಬೇಡ. ಡಿಪ್ ಸ್ವಿಚ್‌ಗಳನ್ನು ಟಾರ್ಚ್ ಹಿಡಿದು ಓದಿ ಪಟ್ಟಿ ಮಾಡಿ, ಹೊಸದಾಗಿ ಬದಲಿಸಿದ ಕಂಟ್ರೋಲರಿನಿಂದಲೇ ಶುರು ಮಾಡಿ.

ಎರಡನೆಯದು ತಂತಿ. ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಲೈನಿನ ಎಲ್ಲ ಸಾಧನಗಳ ಪವರ್ ತೆಗೆದು, ಪ್ಲಸ್ ಮತ್ತು ಮೈನಸ್ ನಡುವೆ ಓಮ್ ಅಳೆಯಿರಿ. ಎರಡು ತುದಿಗಳಲ್ಲಿ 120 ಓಮ್ ರೆಸಿಸ್ಟರ್ ಇದ್ದರೆ 60ರ ಆಸುಪಾಸು ಬರಬೇಕು. 120 ಬಂದರೆ ಒಂದು ತುದಿಯದು ಇಲ್ಲ, ಅಥವಾ ನಡುವೆ ತಂತಿ ಕಡಿದಿದೆ. 40 ಬಂದರೆ ಮೂರನೆಯದು ಎಲ್ಲೋ ಇದೆ, ಹೆಚ್ಚಾಗಿ ಯಾರೋ ನಡುವಿನ ಕಂಟ್ರೋಲರಿನಲ್ಲಿ ಟರ್ಮಿನೇಷನ್ ಸ್ವಿಚ್ ಆನ್ ಮಾಡಿ ಮರೆತಿದ್ದಾರೆ. ಪವರ್ ಇರುವಾಗ ಓಮ್ ಅಳೆದರೆ ಬರುವ ಅಂಕಿಗೆ ಅರ್ಥವಿಲ್ಲ.

ಆಮೇಲೆ ಕಂಟ್ರೋಲರುಗಳ ಲೈನ್ ಪ್ಲಗ್ ತೆಗೆದು, ಮೌನದಲ್ಲೂ ತಂತಿಯ ಮೇಲೆ ಸಣ್ಣ ವೋಲ್ಟೇಜ್ ಇರಿಸುವ, ಅಂದರೆ ಬಯಾಸ್ ಕೊಡುವ ಸಾಧನಕ್ಕೆ ಮಾತ್ರ ಪವರ್ ಕೊಟ್ಟು, ಯಾರೂ ಮಾತಾಡದ ತಂತಿಯ ಮೇಲೆ ಡಿಸಿ ವೋಲ್ಟೇಜ್ ನೋಡಿ. ಆ ಸಾಧನವೂ ಆಗಾಗ ಕೂಗುವುದರಿಂದ ಮೀಟರ್ ಕುಣಿಯುತ್ತದೆ, ನಡುವಿನ ಶಾಂತ ಹೊತ್ತಿನ ಅಂಕಿ ಹಿಡಿಯಿರಿ. 5 ವೋಲ್ಟ್‌ನಿಂದ 510 ಓಮ್ ಮೇಲಕ್ಕೆ, 510 ಓಮ್ ಕೆಳಕ್ಕೆ, ನಡುವೆ 60 ಓಮ್: ಪ್ಲಸ್ ಮೈನಸ್ ನಡುವೆ ಸುಮಾರು 278 ಮಿಲಿವೋಲ್ಟ್ ಬರಬೇಕು. ಆರ್‌ಎಸ್-485 ರಿಸೀವರಿಗೆ ಖಾತ್ರಿಯಾಗಿ ಓದಲು 200 ಮಿಲಿವೋಲ್ಟ್ ಬೇಕು. ಅದಕ್ಕಿಂತ ಕೆಳಗಿದ್ದರೆ ಟೋಕನ್ ದಾಟಿಸುವ ನಡುವಿನ ಮೌನವನ್ನೇ ಕೆಲವು ಕಂಟ್ರೋಲರುಗಳು ಬೈಟ್ ಎಂದು ಓದಿ ಗಲಿಬಿಲಿಗೊಳ್ಳುತ್ತವೆ. ಮೂರನೇ ಟರ್ಮಿನೇಷನ್ ಹಾನಿ ಮಾಡುವುದು ಈ ದಾರಿಯಿಂದ: 60ರ ಬದಲು 40 ಓಮ್ ಹಾಕಿ ಲೆಕ್ಕ ಮಾಡಿ, 189ಕ್ಕೆ ಇಳಿಯುತ್ತದೆ.

## ಲಕ್ಷಣ 3: ಒಂದು ಕಂಟ್ರೋಲರ್ ಮಾತ್ರ ಕಾಣುವುದೇ ಇಲ್ಲ

ತಂತಿ ಸರಿ, ಬಾಡ್ ಸರಿ, ಅಡ್ರೆಸ್ ಬೇರೆ ಯಾರಿಗೂ ಇಲ್ಲ, ಆದರೂ ಟೋಕನ್ ಅದರ ಬಳಿ ಹೋಗುತ್ತಿಲ್ಲ. ಮೊದಲು ಪ್ಲಸ್ ಮೈನಸ್ ಅದಲುಬದಲಾಗಿದೆಯೇ ನೋಡಿ. ಕೆಲವು ತಯಾರಕರು ಎ, ಬಿ ಎಂದು ಬರೆಯುತ್ತಾರೆ, ಅವರವರಲ್ಲಿ ಅರ್ಥ ಉಲ್ಟಾ ಇರುತ್ತದೆ. ಅಡ್ರೆಸ್ 127ಕ್ಕಿಂತ ಮೇಲಿದ್ದರೆ ಅದು ಕೇಳಿದಾಗ ಮಾತ್ರ ಉತ್ತರಿಸುವ ಸ್ಲೇವ್, ಟೋಕನ್ ಅದಕ್ಕೆ ಎಂದಿಗೂ ಹೋಗುವುದಿಲ್ಲ.

ಇವೆರಡೂ ಅಲ್ಲದಿದ್ದರೆ ಅದರ *ಹಿಂದಿನವರ* `Max_Master` ನೋಡಿ. ಇದು ತುಂಬಾ ಜನ ತಪ್ಪುವ ಜಾಗ. ಹೊಸಬರನ್ನು ಸಾಲಿಗೆ ಸೇರಿಸಿಕೊಳ್ಳುವುದು ಅಡ್ರೆಸ್ಸಿನಲ್ಲಿ ಅವರ ಹಿಂದಿರುವ ಮಾಸ್ಟರ್. ಅದು ತನ್ನ ಮತ್ತು ಮುಂದಿನವರ ನಡುವಿನ ಖಾಲಿ ಅಡ್ರೆಸ್ಸುಗಳಿಗೆ "ಯಾರಾದರೂ ಇದ್ದೀರಾ" ಎಂದು ಪೋಲ್ ಫಾರ್ ಮಾಸ್ಟರ್ ಫ್ರೇಮ್ ಕಳುಹಿಸುತ್ತದೆ, `Max_Master` ಮುಟ್ಟಿದ ಮೇಲೆ 0ಗೆ ತಿರುಗುತ್ತದೆ. 19ರ ಕಂಟ್ರೋಲರಿನಲ್ಲಿ `Max_Master` 31 ಎಂದಿದ್ದರೆ 45ರಲ್ಲಿ ಕೂತ ಹೊಸ ಕಂಟ್ರೋಲರನ್ನು ಅದು ಎಂದೂ ಕರೆಯುವುದಿಲ್ಲ. 45ರ ಸ್ವಂತ ಸೆಟ್ಟಿಂಗ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. 19ರಲ್ಲಿ ತಿದ್ದಿ, ಅಥವಾ ಹೊಸಬರಿಗೆ 20 ಕೊಡಿ. ಎರಡನೆಯದೇ ಒಳ್ಳೆಯದು, ಕಾರಣ ಮುಂದಿನ ಲಕ್ಷಣದಲ್ಲಿದೆ.

## ಲಕ್ಷಣ 4: ಹೊಸ ಸಾಧನ ಬರಲು ಅರ್ಧ ನಿಮಿಷ, ಸುತ್ತಿನ ಸಮಯ ಅಲೆಯಂತೆ ಏರಿಳಿಯುತ್ತದೆ

ಪ್ರತಿ ಮಾಸ್ಟರ್ ಸುಮಾರು 50 ಸಲ ಟೋಕನ್ ಪಡೆದ ಮೇಲೆ ತನ್ನ ಮುಂದಿನ ಖಾಲಿ ಜಾಗವನ್ನು ತಡಕಲು ಶುರು ಮಾಡುತ್ತದೆ, ಸರದಿಗೆ ಒಂದು ಅಡ್ರೆಸ್‌ನಂತೆ. ಖಾಲಿ ಜಾಗ ಮುಗಿದ ಮೇಲೆ ಮತ್ತೆ 50 ಸರದಿ ವಿಶ್ರಾಂತಿ. ಪ್ರತಿ ಕೂಗಿಗೆ 2 ಮಿಲಿಸೆಕೆಂಡ್ ಫ್ರೇಮ್, ಉತ್ತರವಿಲ್ಲವೆಂದು ಖಾತ್ರಿಯಾಗಲು 20.

ಅಡ್ರೆಸ್ಸುಗಳು 0ರಿಂದ 19ರವರೆಗೆ ಸಾಲಾಗಿದ್ದು ಎಲ್ಲರ `Max_Master` 19 ಆಗಿದ್ದರೆ ಖಾಲಿ ಜಾಗವೇ ಇಲ್ಲ, ಈ ಖರ್ಚು ಸೊನ್ನೆ. `Max_Master` ಕಾರ್ಖಾನೆಯಿಂದ ಬಂದ 127ರಲ್ಲೇ ಇದ್ದರೆ 19ರವರೊಬ್ಬರೇ 108 ಅಡ್ರೆಸ್ ತಡಕಬೇಕು. 108 ಸುತ್ತುಗಳಲ್ಲಿ ತಲಾ 22 ಮಿಲಿಸೆಕೆಂಡ್ ಹೆಚ್ಚು, ಆಮೇಲೆ 50 ಸುತ್ತು ಹಗುರ. 120ರಲ್ಲಿ ಕೂತ ಹೊಸಬರು ಕೆಟ್ಟ ಗಳಿಗೆಯಲ್ಲಿ ಬಂದರೆ 150ಕ್ಕೂ ಹೆಚ್ಚು ಸುತ್ತು ಕಾಯಬೇಕು. ಸುತ್ತಿಗೆ 0.275 ಸೆಕೆಂಡ್ ಆದರೆ ನಲವತ್ತು ಸೆಕೆಂಡಿಗೂ ಮೇಲೆ.

ನಿಜವಾಗಿ ಕೆಡುಕಾಗುವುದು ಮಹಡಿಗೆ ಹತ್ತರಂತೆ 10, 20, 30 ಎಂದು ಬಿಡಿಬಿಡಿಯಾಗಿ ಅಡ್ರೆಸ್ ಕೊಟ್ಟಾಗ. ನೋಡಲು ಚಂದ, ಆದರೆ ಪ್ರತಿಯೊಬ್ಬರ ಮುಂದೆಯೂ ಖಾಲಿ ಜಾಗ. ಹತ್ತು ಮಾಸ್ಟರುಗಳ ತಡಕಾಟ ಒಂದೇ ಸುತ್ತಿನಲ್ಲಿ ಸೇರಿಕೊಂಡರೆ ಆ ಸುತ್ತಿಗೆ 220 ಮಿಲಿಸೆಕೆಂಡ್ ಹೆಚ್ಚು. ಮಹಡಿಯ ಗುರುತು ಸಾಧನದ ಹೆಸರಿನಲ್ಲಿ ಇರಲಿ, ಅಡ್ರೆಸ್ ಸಾಲಾಗಿರಲಿ. ಮುಂದೆ ಸೇರಿಸಲು ಜಾಗ ಬೇಕೆಂದರೆ ಕೊನೆಯಲ್ಲಿ ನಾಲ್ಕೈದು ಬಿಟ್ಟು `Max_Master` ಅಲ್ಲಿಗೆ ಕಟ್ಟಿ.

## ಕಾರಣ ಇನ್ನೂ ಸಿಗದಿದ್ದರೆ: ಲೈನಿನ ಮಾತು ಕೇಳಿಸಿಕೊಳ್ಳಿ

ಐಸೊಲೇಟೆಡ್ ಯುಎಸ್‌ಬಿ-ಆರ್‌ಎಸ್-485 ಅಡಾಪ್ಟರ್, ಲಿನಕ್ಸ್ ಲ್ಯಾಪ್‌ಟಾಪ್, ಮತ್ತು ಬ್ಯಾಕ್‌ನೆಟ್ ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶದ ಜೊತೆ ಬರುವ `mstpcap` ಬೇಕು. ಅಡಾಪ್ಟರಿನೊಳಗೆ 120 ಓಮ್ ಇದ್ದರೆ ಅದನ್ನು ಆಫ್ ಮಾಡಿ, ಇಲ್ಲವಾದರೆ ಮೂರನೇ ಟರ್ಮಿನೇಷನ್ ನೀವೇ ಸೇರಿಸಿದಂತೆ. ಎಫ್‌ಟಿಡಿಐ ಚಿಪ್ಪಿನ ಅಡಾಪ್ಟರ್ ಬೈಟುಗಳನ್ನು 16 ಮಿಲಿಸೆಕೆಂಡ್ ಕೂಡಿಟ್ಟು ಕೊಡುವುದರಿಂದ ಸಮಯದ ಅಳತೆ ಹಾಳಾಗುತ್ತದೆ. ಅದನ್ನು 1ಕ್ಕೆ ಇಳಿಸಿ ಶುರು ಮಾಡಿ:

```
echo 1 | sudo tee /sys/bus/usb-serial/devices/ttyUSB0/latency_timer
sudo ./mstpcap /dev/ttyUSB0 38400
```

ಇದು ಕೇಳುತ್ತದೆ ಅಷ್ಟೇ, ಲೈನಿನ ಮೇಲೆ ಮಾತಾಡುವುದಿಲ್ಲ. ಹತ್ತು ನಿಮಿಷ ಬಿಟ್ಟು `Ctrl+C` ಒತ್ತಿದರೆ ಪ್ರತಿ ಅಡ್ರೆಸ್ಸಿನ ಲೆಕ್ಕ ಬರುತ್ತದೆ. `Retries` ಒಬ್ಬರ ಸಾಲಿನಲ್ಲಿ ಮಾತ್ರ ಏರಿದ್ದರೆ ಅವರಿಗೆ ಟೋಕನ್ ಎರಡನೇ ಸಲ ಕೊಡಬೇಕಾಗುತ್ತಿದೆ ಎಂದರ್ಥ, ಅವರು ಅಥವಾ ಅವರಿಗೂ ಟೋಕನ್ ಕೊಡುವ ಹಿಂದಿನವರಿಗೂ ನಡುವಿನ ತಂತಿ ಅನುಮಾನಾಸ್ಪದ. `Treply`, ಅಂದರೆ ಟೋಕನ್ ಸಿಕ್ಕ ಮೇಲೆ ಮುಂದಕ್ಕೆ ದಾಟಿಸಲು ಹಿಡಿದ ಅತಿ ಹೆಚ್ಚಿನ ಮಿಲಿಸೆಕೆಂಡ್, 15ಕ್ಕಿಂತ ಸಾಕಷ್ಟು ಹೆಚ್ಚಿದ್ದವರು ನಿಯಮ ಮೀರುತ್ತಿದ್ದಾರೆ. 20 ದಾಟಿದರಂತೂ ಟೋಕನ್ ಕೊಟ್ಟವರು ಇವರು ಸತ್ತರೆಂದು ಬಗೆದು ಮತ್ತೆ ಕೊಡಲು ಹೋಗುತ್ತಾರೆ, ಇಬ್ಬರೂ ಒಟ್ಟಿಗೆ ಮಾತಾಡಿ ಡಿಕ್ಕಿಯಾಗುತ್ತದೆ. ಡಿಕ್ಕಿಯೇ ಇರಬಾರದ ಲೈನಿಗೆ ಪೈಪೋಟಿ ನುಸುಳುವುದು ಹೀಗೆ. ಇಂಥ ಕಂಟ್ರೋಲರಿಗೆ ಮದ್ದು ಹೊಸ ಫರ್ಮ್‌ವೇರ್ ಮಾತ್ರ, ತಂತಿ ಬದಲಿಸಿ ಫಲವಿಲ್ಲ.

ದಾಖಲೆಯ `.cap` ಫೈಲನ್ನು ವೈರ್‌ಶಾರ್ಕಿನಲ್ಲಿ ತೆರೆದು ಅಡ್ರೆಸ್ 14 ಸತ್ತಿದೆಯೇ ನೋಡಲು ಈ ಫಿಲ್ಟರ್ ಸಾಕು:

```
(mstp.frame_type == 5 && mstp.dst == 14) || mstp.src == 14
```

14ಕ್ಕೆ ಹೋದ ಪ್ರಶ್ನೆಗಳು ಮಾತ್ರ ಕಂಡು 14ರಿಂದ ಒಂದೂ ಫ್ರೇಮ್ ಇಲ್ಲದಿದ್ದರೆ ಅಲ್ಲಿಗೆ ಹೋಗುತ್ತಿರುವ ಪ್ರತಿ ಪ್ರಶ್ನೆಯೂ ಕಾಲು ಸೆಕೆಂಡ್ ನಷ್ಟ. 14 ಟೋಕನ್ ದಾಟಿಸುತ್ತಿದ್ದು ಉತ್ತರಗಳ ಬದಲು ರಿಪ್ಲೈ ಪೋಸ್ಟ್‌ಪೋನ್ಡ್ ಫ್ರೇಮುಗಳೇ ತುಂಬಿದ್ದರೆ ಅದು ಬದುಕಿದೆ, ಕೈತುಂಬ ಕೆಲಸದಲ್ಲಿದೆ. "ನನ್ನ ಸರದಿಯಲ್ಲಿ ಹೇಳುತ್ತೇನೆ" ಎನ್ನುತ್ತಿದೆ ಅಷ್ಟೇ. ಅದರ ಉತ್ತರಕ್ಕೆ ಒಂದು ಸುತ್ತು ಹೆಚ್ಚು ಸೇರಿಸಿ ಲೆಕ್ಕ ಮಾಡಿ, ಸರ್ವರಿನ ಟೈಮ್‌ಔಟ್ ಅದಕ್ಕಿಂತ ದೊಡ್ಡದಿರಲಿ.

## ಇಲ್ಲಿ ನಿಲ್ಲಿಸಿ, ಬೇರೆಯವರನ್ನು ಕರೆಯಿರಿ

ಲೈನ್ ತಂತಿಯಿಂದ ಅರ್ಥಿಂಗಿಗೆ ಮೀಟರ್ 7 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಮುಂದೆ ಕೈ ಹಾಕಬೇಡಿ. ಪ್ಯಾನೆಲ್‌ಗಳ ಅರ್ಥಿಂಗ್ ನಡುವೆ ವ್ಯತ್ಯಾಸವಿದೆ, ಅಥವಾ ಒಂದೇ 24 ವೋಲ್ಟ್ ಟ್ರಾನ್ಸ್‌ಫಾರ್ಮರಿನಿಂದ ಹಾಫ್ ವೇವ್ ಮತ್ತು ಫುಲ್ ವೇವ್ ಕಂಟ್ರೋಲರುಗಳಿಗೆ ಒಟ್ಟಿಗೆ ಪವರ್ ಕೊಟ್ಟಿದ್ದಾರೆ. ಎಲೆಕ್ಟ್ರಿಷಿಯನ್ ನೋಡಲಿ. ದೊಡ್ಡ ಮೋಟರ್ ಶುರುವಾದಾಗ ಮಾತ್ರ ಟೋಕನ್ ಕಳೆಯುತ್ತಿದ್ದರೆ ಲೈನ್ ಪವರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಓಡುತ್ತಿದೆಯೇ, ಶೀಲ್ಡ್ ಒಂದೇ ಕಡೆ ಅರ್ಥ್ ಆಗಿದೆಯೇ ನೋಡಬಹುದು. ಅದಕ್ಕೂ ಬಗ್ಗದಿದ್ದರೆ ಆಸಿಲೋಸ್ಕೋಪ್ ಇರುವವರು ಬೇಕು.

ಎಲ್ಲ ಸರಿಯಿದ್ದೂ ಲೆಕ್ಕದ ಮಿತಿಯೇ ನಿಮ್ಮ ಅಗತ್ಯಕ್ಕಿಂತ ದೊಡ್ಡದಾಗಿದ್ದರೆ ಅದು ದೋಷವಲ್ಲ, ವಿನ್ಯಾಸ. 60 ಮಾಸ್ಟರುಗಳ ಲೈನಿನಲ್ಲಿ ಒಂದು ಸೆಕೆಂಡಿನೊಳಗೆ ಅಲಾರಂ ಬೇಕೆಂದರೆ ರೂಟರಿಗೆ ಎರಡನೇ ಪೋರ್ಟ್ ಹಾಕಿ ಲೈನನ್ನು 30-30 ಮಾಡಿ. ಹಾಗೆ ಒಡೆಯುವಾಗ ಪರಸ್ಪರ ಬೆಲೆ ಹಂಚಿಕೊಳ್ಳುವ ಕಂಟ್ರೋಲರುಗಳನ್ನು ಒಂದೇ ಬದಿಯಲ್ಲಿಡಿ. ಇಲ್ಲದಿದ್ದರೆ ಒಂದೊಂದು ಮಾತಿಗೂ ಎರಡೂ ಲೈನಿನ ಸರದಿ ಕಾಯಬೇಕಾಗುತ್ತದೆ.